ಟ್ಯಾಗಿನ ಬೆಲೆಯಿಂದ ತೆರಿಗೆ ಬಿಡಿಸುವುದು: ಬಟ್ಟೆ ಅಂಗಡಿಯ ಗಲ್ಲಾದಲ್ಲಿ ನನ್ನ ಅನುಭವ

2017ರ ಆಗಸ್ಟ್‌ನಲ್ಲಿ ನಾನು ಕೂಡಿಸಿಕೊಟ್ಟ ಮೊದಲ ತಿಂಗಳ ಜಿಎಸ್‌ಟಿ ಲೆಕ್ಕವೇ ತಪ್ಪಾಗಿತ್ತು. ದಾವಣಗೆರೆಯಲ್ಲಿ ನಮ್ಮ ಮಾವನವರದು ರೆಡಿಮೇಡ್ ಮತ್ತು ಸೀರೆ ಅಂಗಡಿ. ಜುಲೈ 1ರಿಂದ ಜಿಎಸ್‌ಟಿ ಬಂದಿತ್ತು. ಬಿಲ್ಲಿನ ಕೆಲಸ ನನ್ನ ಪಾಲಿಗೆ ಬಂತು. ನಮ್ಮಲ್ಲಿ ಗಿರಾಕಿಗೆ ಹೇಳುವುದು ಒಂದೇ ಬೆಲೆ: ಟ್ಯಾಗಿನ ಮೇಲೆ ಏನಿದೆಯೋ ಅದು, ತೆರಿಗೆ ಎಲ್ಲ ಸೇರಿ. ಹೀಗಾಗಿ ಸಂಜೆ ಗಲ್ಲಾದಲ್ಲಿ ಎಣಿಸುವ ದುಡ್ಡಿನಲ್ಲಿ ಸ್ವಲ್ಪ ನಮ್ಮದು, ಸ್ವಲ್ಪ ಸರ್ಕಾರದ್ದು. ಎರಡನ್ನೂ ಬೇರೆ ಮಾಡಬೇಕಾದವಳು ನಾನು.

ಆಗ ಒಂದು ಉಡುಪಿನ ಮಾರಾಟದ ಬೆಲೆ 1,000 ರೂಪಾಯಿವರೆಗೆ ಇದ್ದರೆ 5 ಪರ್ಸೆಂಟ್, ದಾಟಿದರೆ 12 ಪರ್ಸೆಂಟ್. ನಾನು ಐದರ ಮಾಲು ಮಾರಿದ ದುಡ್ಡನ್ನೆಲ್ಲ ಕೂಡಿಸಿ ಅದಕ್ಕೆ 5 ಪರ್ಸೆಂಟ್ ಹಾಕಿದೆ, ಹನ್ನೆರಡರದ್ದಕ್ಕೆ 12 ಪರ್ಸೆಂಟ್ ಹಾಕಿದೆ. ಹೇಳಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ: ಐದರ ಮಾಲಿನಿಂದ ಗಲ್ಲಾಕ್ಕೆ ಬಂದದ್ದು 4,20,000, ಹನ್ನೆರಡರದ್ದರಿಂದ 1,12,000. ನಾನು ತೆಗೆದಿಟ್ಟ ತೆರಿಗೆ 21,000 ಮತ್ತು 13,440. ರಿಟರ್ನ್ ಆದಮೇಲೆ ಆಡಿಟರ್ ಸರ್ ಪುಸ್ತಕ ತಿರುವಿ ಹಾಕಿ, "ನೋಡಮ್ಮ, ನೀನು ತೆರಿಗೆಯ ಮೇಲೂ ತೆರಿಗೆ ಕಟ್ಟಿದ್ದೀಯ" ಅಂದರು. ಕಟ್ಟಬೇಕಾದದ್ದು 20,000 ಮತ್ತು 12,000 ಮಾತ್ರ. 2,440 ರೂಪಾಯಿ ಹೆಚ್ಚು ಹೋಗಿತ್ತು. 3ಬಿ ರಿಟರ್ನ್ ಒಮ್ಮೆ ಹಾಕಿದರೆ ತಿದ್ದಲು ಬರುವುದಿಲ್ಲ. ಮುಂದಿನ ತಿಂಗಳ ಲೆಕ್ಕದಲ್ಲಿ ಸರಿಹೊಂದಿಸಿಕೊಂಡೆವು.

ಅವರು ತೋರಿಸಿಕೊಟ್ಟ ದಾರಿ ಇದು. ತೆರಿಗೆ ಹಾಕುವುದು ಮೂಲ ಬೆಲೆಯ ಮೇಲೆ. ಮೂಲ ಬೆಲೆ 100 ಅಂತ ಇಟ್ಟುಕೊಂಡರೆ 5 ಪರ್ಸೆಂಟ್‌ನಲ್ಲಿ ಗಿರಾಕಿ ಕೊಡುವುದು 105. ಅಂದರೆ ಗಿರಾಕಿ ಕೊಟ್ಟ ದುಡ್ಡನ್ನು 105 ಪಾಲು ಮಾಡಿದರೆ ಅದರಲ್ಲಿ 100 ಪಾಲು ಅಂಗಡಿಯದು, 5 ಪಾಲು ತೆರಿಗೆ. ನಾನು ಮಾಡಿದ್ದೇನೆಂದರೆ 100ರಲ್ಲಿ 5 ಪಾಲು ತೆಗೆದದ್ದು, ಕೈಯಲ್ಲಿದ್ದ ದುಡ್ಡು 105 ಪಾಲಿನದು ಎನ್ನುವುದನ್ನು ಮರೆತು. ಇದೇ ಮಾತನ್ನು ಸಿಜಿಎಸ್‌ಟಿ ನಿಯಮಾವಳಿಯ 35ನೇ ನಿಯಮ ಸೂತ್ರವಾಗಿ ಹೇಳುತ್ತದೆ: ತೆರಿಗೆ ಸೇರಿದ ಬೆಲೆಯನ್ನು ತೆರಿಗೆಯ ದರದಿಂದ ಗುಣಿಸಿ, 100ಕ್ಕೆ ದರ ಕೂಡಿಸಿ ಬಂದದ್ದರಿಂದ ಭಾಗಿಸು.

```
ತೆರಿಗೆ   = ಬೆಲೆ × ದರ ÷ (100 + ದರ)
ಮೂಲ ಬೆಲೆ = ಬೆಲೆ − ತೆರಿಗೆ
```

ಕ್ಯಾಲ್ಕುಲೇಟರ್ ಕೈಗೆ ಸಿಗದಿದ್ದರೂ 5 ಪರ್ಸೆಂಟ್‌ನ ಲೆಕ್ಕ ಬಾಯಲ್ಲೇ ಮಾಡಬಹುದು. 105ರಲ್ಲಿ 5 ಅಂದರೆ 21ರಲ್ಲಿ 1. ಟ್ಯಾಗಿನ ಬೆಲೆಯನ್ನು 21ರಿಂದ ಭಾಗಿಸಿದರೆ ತೆರಿಗೆ ಸಿಕ್ಕಿತು. 1,050ರ ಚೂಡಿದಾರದಲ್ಲಿ 50, 4,200ರ ಸೀರೆಯಲ್ಲಿ 200. ಮಾವನವರಿಗೆ ಇದು ತುಂಬ ಹಿಡಿಸಿತು. ಇವತ್ತಿಗೂ ಅವರು "ಇಪ್ಪತ್ತೊಂದರಲ್ಲಿ ಒಂದು" ಅಂತಲೇ ಹೇಳುವುದು. ಈಗ ದುಬಾರಿ ಉಡುಪಿಗೆ ಬಂದಿರುವ 18 ಪರ್ಸೆಂಟ್‌ಗೆ ಇಷ್ಟು ಸಲೀಸಾದ ಅಂಕಿ ಇಲ್ಲ. ಅಲ್ಲಿ 1.18ರಿಂದ ಭಾಗಿಸಿ ಮೊದಲು ಮೂಲ ಬೆಲೆ ಹಿಡಿಯುವುದೇ ಒಳ್ಳೆಯದು.

ನಾನು ಮಾಡಿದ ತಪ್ಪು ಪುಸ್ತಕದಲ್ಲಿ ಅಡಗಿ ಕೂತಿದ್ದರೆ ಪತ್ತೆ ಮಾಡುವುದು ಕಷ್ಟವಲ್ಲ. ತಿಂಗಳ ಕೊನೆಗೆ ಪ್ರತಿಯೊಂದು ದರದ ಒಟ್ಟು ತೆರಿಗೆಯನ್ನು ಅದೇ ದರದ ಒಟ್ಟು ಮೂಲ ಬೆಲೆಯಿಂದ ಭಾಗಿಸಿ ನೋಡಿ. ಐದರದ್ದು ಸರಿಯಾಗಿ 5 ಪರ್ಸೆಂಟ್ ಬರಬೇಕು, ಹೆಚ್ಚು ಕಡಿಮೆ ಪೈಸೆಯಷ್ಟು. 5.26 ಬಂತು ಅಂದರೆ ಯಾರೋ ಸೇರಿದ ಬೆಲೆಯ ಮೇಲೇ 5 ಪರ್ಸೆಂಟ್ ತೆಗೆದು, ಉಳಿದದ್ದನ್ನು ಮೂಲ ಬೆಲೆ ಅಂತ ಬರೆದಿದ್ದಾರೆ. 18ರಲ್ಲಿ ಅದೇ ತಪ್ಪಾದರೆ 21.95 ಬರುತ್ತದೆ. ಈ ಎರಡು ಅಂಕಿಗಳನ್ನು ನಾನು ಪುಸ್ತಕದ ರಟ್ಟಿನ ಒಳಗೆ ಬರೆದಿಟ್ಟುಕೊಂಡಿದ್ದೇನೆ. ಹೊಸ ಹುಡುಗ ಬಿಲ್ಲಿಗೆ ಕೂತಾಗ ಎರಡು ಸಲ ಕೆಲಸಕ್ಕೆ ಬಂದಿವೆ.

ಇನ್ನೊಂದು ತಪ್ಪು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೇರೆ ಬೇರೆ ತೆಗೆಯುವಾಗ ಆಗುತ್ತದೆ. ರಾಜ್ಯದೊಳಗಿನ ಮಾರಾಟದಲ್ಲಿ 5 ಪರ್ಸೆಂಟ್ ಎಂದರೆ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ. ಪಕ್ಕದ ಅಂಗಡಿಯವರೊಬ್ಬರು ಎರಡೂವರೆಯನ್ನು 102.5ರಿಂದ ಭಾಗಿಸಿ, ಅದನ್ನೇ ಎರಡು ಸಲ ಬರೆಯುತ್ತಿದ್ದರು. 1,050ರ ಮೇಲೆ ಹಾಗೆ ಮಾಡಿದರೆ 25.61 ಎರಡು ಸಲ, ಅಂದರೆ 51.22 ಬರುತ್ತದೆ. ಬರಬೇಕಾದದ್ದು 25 ಮತ್ತು 25. ಭಾಗಿಸುವ ಅಂಕಿಯಲ್ಲಿ ಎರಡೂ ತೆರಿಗೆ ಕೂಡಿರಬೇಕು. ಗಿರಾಕಿಯ ದುಡ್ಡಿನೊಳಗೆ ಎರಡೂ ಒಟ್ಟಿಗೇ ಇವೆಯಲ್ಲ.

ಪೈಸೆಯ ವಿಷಯ ಸಣ್ಣದಾಗಿ ಕಂಡರೂ ಬಿಲ್ಲಿನಲ್ಲಿ ಕಿರಿಕಿರಿ ಮಾಡುತ್ತದೆ. 650 ರೂಪಾಯಿಯ ಅಂಗಿ ತೆಗೆದುಕೊಳ್ಳಿ. 650ನ್ನು 1.05ರಿಂದ ಭಾಗಿಸಿದರೆ 619.0476, ಅದನ್ನು 619.05 ಅಂತ ಬರೆದೆವು. ಅದರ ಎರಡೂವರೆ ಪರ್ಸೆಂಟ್ 15.48, ಎರಡು ಸಲ 30.96. ಕೂಡಿಸಿದರೆ 650.01. ಗಿರಾಕಿ ಕೊಟ್ಟದ್ದು 650, ಬಿಲ್ಲು ಹೇಳುವುದು ಒಂದು ಪೈಸೆ ಹೆಚ್ಚು. ದಿನಕ್ಕೆ ಎಂಬತ್ತು ಬಿಲ್ಲಾದರೆ ಸಂಜೆ ಗಲ್ಲಾಕ್ಕೂ ಪುಸ್ತಕಕ್ಕೂ ಹೊಂದುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ಉಪಾಯ ಲೆಕ್ಕವನ್ನು ತಿರುಗಿಸುವುದು. ಮೊದಲು ಅರ್ಧ ತೆರಿಗೆ ತೆಗೆದು ಅದನ್ನು ಪೈಸೆಗೆ ದುಂಡು ಮಾಡು, ಎರಡರಿಂದ ಗುಣಿಸು, ಒಟ್ಟು ಬೆಲೆಯಿಂದ ಕಳೆ, ಉಳಿದದ್ದು ಮೂಲ ಬೆಲೆ. 650ಕ್ಕೆ ಅರ್ಧ ತೆರಿಗೆ 15.48, ಎರಡೂ ಸೇರಿ 30.96, ಮೂಲ ಬೆಲೆ 619.04. ಮೂರನ್ನೂ ಕೂಡಿಸಿದರೆ ಸರಿಯಾಗಿ 650. ಸೇರಿದ ಬೆಲೆಯೇ ನಿಜವಾಗಿ ಕೈ ಬದಲಾಯಿಸಿದ ದುಡ್ಡು, ಅದನ್ನು ಅಲುಗಾಡಿಸಬಾರದು. ದುಂಡು ಮಾಡಿದಾಗ ಬರುವ ಪೈಸೆಯ ವ್ಯತ್ಯಾಸವನ್ನು ಮೂಲ ಬೆಲೆ ಹೊರಲಿ.

ಎಕ್ಸೆಲ್‌ನಲ್ಲಿ B ಸಾಲಿಗೆ ಬೆಲೆ, C ಸಾಲಿಗೆ ದರ ಹಾಕಿದರೆ ಅರ್ಧ ತೆರಿಗೆ D ಸಾಲಿನಲ್ಲಿ, ಮೂಲ ಬೆಲೆ E ಸಾಲಿನಲ್ಲಿ ಹೀಗೆ ಬರುತ್ತದೆ:

```
D2:  =ROUND(B2*C2/(100+C2)/2,2)
E2:  =B2-2*D2
```

ಒಂದೇ ಅಂಗಿ ಮೂರು ಹೋದರೆ ಒಂದೊಂದಕ್ಕೂ ತೆಗೆದು ಕೂಡಿಸುವುದಕ್ಕೂ 1,950ಕ್ಕೆ ಒಮ್ಮೆಲೇ ತೆಗೆಯುವುದಕ್ಕೂ ಎರಡು ಪೈಸೆ ವ್ಯತ್ಯಾಸ ಬರುತ್ತದೆ: 92.88 ಒಂದು ಕಡೆ, 92.86 ಇನ್ನೊಂದು ಕಡೆ. ನಾವು ಬಿಲ್ಲಿನ ಒಂದು ಸಾಲಿಗೆ ಒಂದು ಸಲ ತೆಗೆಯುತ್ತೇವೆ. ಯಾವುದನ್ನಾದರೂ ಹಿಡಿಯಬಹುದು, ಹಿಡಿದದ್ದನ್ನು ವರ್ಷಪೂರ್ತಿ ಬಿಡಬಾರದು.

ಇಲ್ಲಿಯವರೆಗಿನದು ಯಾವ ಅಂಗಡಿಗಾದರೂ ಒಂದೇ. ಬಟ್ಟೆ ಅಂಗಡಿಯ ನಿಜವಾದ ತೊಡಕು ಬೇರೆ. ನಮ್ಮಲ್ಲಿ ದರವೇ ಬೆಲೆಯ ಮೇಲೆ ನಿಂತಿದೆ, ಅದೂ ತೆರಿಗೆ ಸೇರದ ಮೂಲ ಬೆಲೆಯ ಮೇಲೆ. ಟ್ಯಾಗಿನಲ್ಲಿ ಇರುವುದು ಮಾತ್ರ ಸೇರಿದ ಬೆಲೆ. ಮೂಲ ಬೆಲೆ ತಿಳಿಯಬೇಕಾದರೆ ದರ ಗೊತ್ತಿರಬೇಕು, ದರ ತಿಳಿಯಬೇಕಾದರೆ ಮೂಲ ಬೆಲೆ ಗೊತ್ತಿರಬೇಕು.

ಇದು ನನ್ನ ಕಣ್ಣಿಗೆ ಬಿದ್ದದ್ದು 1,099ರ ಅಂಗಿಯಿಂದ. ಸಾವಿರದ ನೂರಕ್ಕಿಂತ ಒಂದು ರೂಪಾಯಿ ಕಡಿಮೆ ಎಂದು ಮಾವನವರೇ ಇಟ್ಟ ಬೆಲೆ ಅದು, ಚೆನ್ನಾಗಿಯೇ ಹೋಗುತ್ತಿತ್ತು. ಸಾವಿರ ದಾಟಿದೆ ಎಂದು ನಾನು 12 ಪರ್ಸೆಂಟ್ ಹಿಡಿದು ಬಿಲ್ಲು ಮಾಡುತ್ತಿದ್ದೆ. ಒಂದು ದಿನ ಮೂಲ ಬೆಲೆಯ ಸಾಲು ಓದುವಾಗ 981.25 ಅಂತ ಕಂಡಿತು. ಸಾವಿರಕ್ಕಿಂತ ಕಡಿಮೆ! ಹಾಗಾದರೆ ಐದೇ ಹಾಕಬೇಕಿತ್ತಲ್ಲ ಅಂತ 5 ಪರ್ಸೆಂಟ್ ಹಿಡಿದು ನೋಡಿದೆ. ಈಗ ಮೂಲ ಬೆಲೆ 1,046.67 ಬಂತು. ಇದು ಸಾವಿರ ದಾಟಿತು, ಅಂದರೆ ಹನ್ನೆರಡು ಹಾಕಬೇಕು. ಹನ್ನೆರಡು ಹಾಕಿದರೆ ಮತ್ತೆ 981. ರಾತ್ರಿ ಊಟ ಮುಗಿಸಿ ಪುನಃ ಕೂತು ಮಾಡಿದರೂ ಅದೇ ಸುತ್ತು.

ಮರುದಿನ ಬೇರೆ ಬೇರೆ ಬೆಲೆ ಹಾಕಿ ನೋಡಿದಾಗ ವಿಷಯ ಸ್ಪಷ್ಟವಾಯಿತು. ಮೂಲ ಬೆಲೆ ಸರಿಯಾಗಿ 1,000 ಇದ್ದಾಗ 5 ಪರ್ಸೆಂಟ್ ಸೇರಿ 1,050. ಅಲ್ಲಿಯವರೆಗೆ ಐದರ ದರ ನೆಟ್ಟಗೆ ನಿಲ್ಲುತ್ತದೆ. ಮೂಲ ಬೆಲೆ ಸಾವಿರಕ್ಕಿಂತ ಒಂದು ಪೈಸೆ ಹೆಚ್ಚಾದರೂ 12 ಪರ್ಸೆಂಟ್ ಬೀಳುತ್ತದೆ, ಆಗ ಸೇರಿದ ಬೆಲೆ ಒಮ್ಮೆಲೇ 1,120ರ ಆಚೆಗೆ ಹೋಗುತ್ತದೆ. ನಡುವಿನ 1,050ರಿಂದ 1,120ರವರೆಗಿನ ಜಾಗಕ್ಕೆ ಯಾವ ಮೂಲ ಬೆಲೆಯಿಂದಲೂ ಬರಲು ಆಗುವುದಿಲ್ಲ. 1,099 ಅನ್ನುವುದು ಕಾಯಿದೆಯ ಪ್ರಕಾರ ಹುಟ್ಟಲಾರದ ಬೆಲೆ. ನಮ್ಮ ಲೆಕ್ಕದಲ್ಲಿ ತಪ್ಪಿರಲಿಲ್ಲ, ಟ್ಯಾಗೇ ತಪ್ಪಾಗಿತ್ತು.

ಆಡಿಟರ್ ಸರ್ ಹತ್ತಿರ ಹೋದಾಗ ಅವರು ಹೇಳಿದ್ದು ಒಂದೇ ಮಾತು, ಆ ಜಾಗದಲ್ಲಿ ಬೆಲೆ ಇಡಲೇಬೇಡಿ ಅಂತ. ಅಂಗಡಿಗೆ ಬಂದು ಇನ್ನೊಂದು ಲೆಕ್ಕ ಮಾಡಿದೆ, ಅದನ್ನು ನೋಡಿ ಮಾವನವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. 1,099ಕ್ಕೆ ಮಾರಿ 12 ಪರ್ಸೆಂಟ್ ಕಟ್ಟಿದಾಗ ಅಂಗಡಿಗೆ ಉಳಿಯುತ್ತಿದ್ದದ್ದು 981.25. ಅದೇ ಅಂಗಿಯನ್ನು 1,049ಕ್ಕೆ ಮಾರಿದರೆ 5 ಪರ್ಸೆಂಟ್ ಹೋಗಿ 999.05 ಉಳಿಯುತ್ತದೆ. ಗಿರಾಕಿಗೆ 50 ರೂಪಾಯಿ ಕಡಿಮೆ, ನಮಗೆ ಸುಮಾರು 18 ರೂಪಾಯಿ ಹೆಚ್ಚು. ಅಷ್ಟು ದಿನ ಗಿರಾಕಿಯಿಂದ ಹೆಚ್ಚು ಇಸಿದುಕೊಂಡು ನಾವೂ ಕಳೆದುಕೊಂಡಿದ್ದೆವು. ಅವತ್ತೇ 1,099ರ ಟ್ಯಾಗೆಲ್ಲ ಕಿತ್ತು 1,049 ಅಂಟಿಸಿದೆವು.

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ದರಗಳು ಬದಲಾದವು. ಉಡುಪಿಗೆ ಈಗ ಒಂದರ ಮೂಲ ಬೆಲೆ 2,500ರವರೆಗೆ 5 ಪರ್ಸೆಂಟ್, ದಾಟಿದರೆ 18 ಪರ್ಸೆಂಟ್. ಸೀರೆ ಹೊಲಿಯದ ಬಟ್ಟೆಯ ಲೆಕ್ಕಕ್ಕೆ ಬರುವುದರಿಂದ ಎಷ್ಟೇ ಬೆಲೆಯಿದ್ದರೂ ಐದೇ, ಅದರಲ್ಲಿ ಈ ತಾಪತ್ರಯ ಇಲ್ಲ. ಹಬ್ಬದ ಮಾಲು ಆಗಲೇ ಬಂದು ಟ್ಯಾಗ್ ಆಗಿತ್ತು. ಎರಡು ರಾತ್ರಿ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಮನೆಮಂದಿಯೆಲ್ಲ ಟ್ಯಾಗ್ ಬದಲಾಯಿಸಿದೆವು.

ದರ ಬದಲಾದಾಗ ಟ್ಯಾಗಿನ ಬೆಲೆ ಹಾಗೇ ಬಿಟ್ಟು ಒಳಗಿನ ತೆರಿಗೆ ಮಾತ್ರ ಬದಲಾಯಿಸುವುದು ಸುಲಭ, ಆದರೆ ಅದು ಸರಿಯಲ್ಲ. 1,499ರ ಅಂಗಿ ನೋಡಿ. ಹಳೆಯ 12 ಪರ್ಸೆಂಟ್‌ನಲ್ಲಿ ಮೂಲ ಬೆಲೆ 1,338.39, ತೆರಿಗೆ 160.61. ಟ್ಯಾಗ್ ಹಾಗೇ ಇಟ್ಟು 5 ಪರ್ಸೆಂಟ್ ಬಿಡಿಸಿದರೆ ಮೂಲ ಬೆಲೆ 1,427.62 ಆಗುತ್ತದೆ, ಅಂದರೆ ಗಿರಾಕಿಗೆ ಸೇರಬೇಕಾದ 89 ರೂಪಾಯಿ ಅಂಗಡಿಗೆ ಬಂದಂತಾಯಿತು. ಹಳೆಯ ಮೂಲ ಬೆಲೆ 1,338.39 ಹಿಡಿದು ಅದಕ್ಕೆ ಹೊಸ 5 ಪರ್ಸೆಂಟ್ ಸೇರಿಸಿದರೆ 1,405. ನಾವು 1,399 ಮಾಡಿದೆವು. ದುಬಾರಿ ಮಾಲಿನಲ್ಲಿ ಉಲ್ಟಾ ಆಯಿತು. 2,999ರ ಕುರ್ತಾದಲ್ಲಿ ಮೊದಲು ನಮಗೆ 2,677.68 ಉಳಿಯುತ್ತಿತ್ತು, ಅದೇ ಟ್ಯಾಗಿಗೆ 18 ಪರ್ಸೆಂಟ್ ಬಿಡಿಸಿದರೆ 2,541.53. ಒಂದು ಕುರ್ತಾಕ್ಕೆ 136 ರೂಪಾಯಿ ಕೈಬಿಟ್ಟಿತು. ಅದೇ ಮೂಲ ಬೆಲೆ ಉಳಿಯಬೇಕಾದರೆ ಟ್ಯಾಗ್ 3,160 ಆಗಬೇಕು. ಹಬ್ಬದಲ್ಲಿ ಅಷ್ಟು ಏರಿಸಲು ಮನಸ್ಸು ಬರಲಿಲ್ಲ, ನಷ್ಟ ನುಂಗಿಕೊಂಡೆವು.

ಹೊಸ ದರದಲ್ಲಿ ಆ ಹುಟ್ಟಲಾರದ ಬೆಲೆಗಳ ಜಾಗ ಇನ್ನೂ ಅಗಲವಾಯಿತು. ಐದಕ್ಕೂ ಹದಿನೆಂಟಕ್ಕೂ ನಡುವೆ ಅಂತರ ದೊಡ್ಡದಲ್ಲವೇ. 2,500ಕ್ಕೆ 5 ಪರ್ಸೆಂಟ್ ಸೇರಿಸಿದರೆ 2,625, 18 ಪರ್ಸೆಂಟ್ ಸೇರಿಸಿದರೆ 2,950. ಅವೆರಡರ ನಡುವಿನ 325 ರೂಪಾಯಿಯ ಜಾಗದಲ್ಲಿ ಯಾವ ಟ್ಯಾಗೂ ಇರುವಂತಿಲ್ಲ. 2,699, 2,799, 2,899 ಎಲ್ಲವೂ ಅದರೊಳಗೇ ಬೀಳುತ್ತವೆ, ರೆಡಿಮೇಡ್ ಅಂಗಡಿಯಲ್ಲಿ ಎಲ್ಲರೂ ಇಡುವ ಬೆಲೆಗಳೇ ಅವು. 2,799 ಹಿಡಿದು ಬೇಕಾದರೆ ಮಾಡಿ ನೋಡಿ: ಐದರಲ್ಲಿ 2,665.71, ಹದಿನೆಂಟರಲ್ಲಿ 2,372.03. ಮೊದಲನೆಯದು ಹದಿನೆಂಟಕ್ಕೆ ದಾಟಿಸುತ್ತದೆ, ಎರಡನೆಯದು ಐದಕ್ಕೆ ವಾಪಸು ಕಳಿಸುತ್ತದೆ.

ಟ್ಯಾಗಿನಲ್ಲಿ ಈ ಜಾಗವನ್ನು ತಪ್ಪಿಸಿದರೂ ರಿಯಾಯಿತಿ ಕೊಟ್ಟಾಗ ಬೆಲೆ ಅದರೊಳಗೆ ಬಂದು ಬೀಳಬಹುದು. ದೀಪಾವಳಿಯ ಹೊತ್ತಿಗೆ ನಮಗೆ ಇದು ಆಯಿತು. ಒಂದು ಬ್ಲೇಜರ್, ಟ್ಯಾಗ್ 3,540. 18 ಪರ್ಸೆಂಟ್ ಬಿಡಿಸಿದರೆ ಮೂಲ ಬೆಲೆ ಸರಿಯಾಗಿ 3,000, ತೆರಿಗೆ 540. ಮಗನ ಮದುವೆಗೆಂದು ಬಟ್ಟೆ ತೆಗೆಯಲು ಬಂದವರು ಅದರ ಜೊತೆ 4,200ರ ಸೀರೆಯನ್ನೂ ಆರಿಸಿದರು. ಮಾವನವರು ಹತ್ತು ಪರ್ಸೆಂಟ್ ಬಿಟ್ಟರು.

ರಿಯಾಯಿತಿ ಬಿಲ್ಲಿನಲ್ಲೇ ಬರೆದಿದ್ದರೆ ತೆರಿಗೆ ಹಾಕುವುದು ರಿಯಾಯಿತಿ ಕಳೆದ ಬೆಲೆಯ ಮೇಲೆ. ಆದ್ದರಿಂದ ಮೊದಲು ರಿಯಾಯಿತಿ ಕಳೆಯಬೇಕು, ಆಮೇಲೆ ತೆರಿಗೆ ಬಿಡಿಸಬೇಕು. ದರಗಳು ಬೇರೆ ಬೇರೆ ಇರುವುದರಿಂದ ಬಿಲ್ಲಿನ ಒಟ್ಟಿನಿಂದ ಕಳೆದರೆ ಆಗದು, ಒಂದೊಂದು ಸಾಲಿನಲ್ಲೂ ಕಳೆಯಬೇಕು. ಸೀರೆ 3,780 ಆಯಿತು, ಅದರಲ್ಲಿ ತೆರಿಗೆ 180. ಬ್ಲೇಜರ್ 3,186 ಆಯಿತು, ಮೂಲ ಬೆಲೆ 2,700, ಅದು 2,500 ದಾಟಿರುವುದರಿಂದ ಹದಿನೆಂಟೇ, ತೆರಿಗೆ 486. ಒಟ್ಟು ತೆರಿಗೆ 666. ಮೊದಲೇ ತೆರಿಗೆ ಬಿಡಿಸಿ ಆಮೇಲೆ ರಿಯಾಯಿತಿ ಕಳೆದಿದ್ದರೆ 740 ತೋರಿಸುತ್ತಿದ್ದೆವು, 74 ರೂಪಾಯಿ ಸುಮ್ಮನೆ ಹೋಗುತ್ತಿತ್ತು. "ಐನೂರು ಬಿಡಿ" ಅಂತ ಗಿರಾಕಿ ಇಡೀ ಬಿಲ್ಲಿನ ಮೇಲೆ ಕೇಳಿದಾಗಲೂ ಆ ಐನೂರನ್ನು ಎರಡೂ ಸಾಲಿಗೆ ಅವುಗಳ ಬೆಲೆಗೆ ತಕ್ಕಂತೆ ಹಂಚುತ್ತೇವೆ.

ಬಿಲ್ಲು ಬರೆದು ಮುಗಿಸುವಷ್ಟರಲ್ಲಿ ಗಿರಾಕಿಯ ಅಣ್ಣ, "ಬ್ಲೇಜರ್‌ಗೆ ಇಪ್ಪತ್ತು ಪರ್ಸೆಂಟ್ ಮಾಡ್ರಿ ಯಜಮಾನ್ರೇ, ಇನ್ನೂ ಎರಡು ತಗೊಳ್ತೀವಿ" ಅಂದರು. ಮಾವನವರು ಒಪ್ಪಿ, ಹುಡುಗನಿಗೆ 2,832 ಹಾಕು ಅಂದರು. ಹುಡುಗ ಬಂದು, "ಅಕ್ಕಾ, ಇದಕ್ಕೆ ಐದಾ, ಹದಿನೆಂಟಾ?" ಅಂತ ಕೇಳಿದ. ಎರಡೂ ಅಲ್ಲ. 2,832 ಆ ಜಾಗದೊಳಗೇ ಇದೆ. ಹದಿನೆಂಟರಲ್ಲಿ ಮೂಲ ಬೆಲೆ 2,400, ಐದರಲ್ಲಿ 2,697.14.

ಅಲ್ಲಿ ಗಿರಾಕಿಯ ಮುಂದೆ ನಿಂತೇ ದಾರಿ ಹುಡುಕಬೇಕಾಯಿತು. ಸೇರಿದ ಬೆಲೆಯಿಂದ ಹಿಂದಕ್ಕೆ ಬರುವುದನ್ನು ಬಿಟ್ಟು ಮೂಲ ಬೆಲೆಯಿಂದ ಮುಂದಕ್ಕೆ ಹೋದೆ. ಮೂಲ ಬೆಲೆ 3,000, ಅದರಲ್ಲಿ ಇಪ್ಪತ್ತು ಪರ್ಸೆಂಟ್ ಬಿಟ್ಟರೆ 2,400. ಮಾವನವರು ಒಪ್ಪಿದ್ದು ಅಂಗಡಿಗೆ ಉಳಿಯುವ ಇಷ್ಟಕ್ಕೇ. 2,400 ಎಂದರೆ 2,500ರ ಒಳಗೆ, ದರ ಐದು, ತೆರಿಗೆ 120, ಗಿರಾಕಿ ಕೊಡಬೇಕಾದದ್ದು 2,520. ಅಂಗಡಿಗೆ ಒಂದು ರೂಪಾಯಿಯೂ ಕಡಿಮೆಯಾಗದೆ ಗಿರಾಕಿಗೆ 312 ರೂಪಾಯಿ ಇನ್ನೂ ಇಳಿಯುತ್ತದೆ, ಏಕೆಂದರೆ ಆ 312 ತೆರಿಗೆಯ ದುಡ್ಡೇ ಆಗಿತ್ತು.

ಮಾವನವರಿಗೆ ಅಂಕಿ ತೋರಿಸಿದೆ. ಅವರು ನೋಡಿ, ಬೆಲೆಯನ್ನು 2,625 ಮಾಡು ಅಂದರು. ಐದರಲ್ಲಿ ಮೂಲ ಬೆಲೆ ಸರಿಯಾಗಿ 2,500, ತೆರಿಗೆ 125. ಗಿರಾಕಿಗೆ ಅವರು ಒಪ್ಪಿದ್ದ 2,832ಕ್ಕಿಂತ 207 ಕಡಿಮೆ, ನಮಗೆ 100 ಹೆಚ್ಚು. ನಾನೇ ಆಗಿದ್ದರೆ 2,520ಕ್ಕೆ ಕೊಟ್ಟುಬಿಡುತ್ತಿದ್ದೆನೇನೋ. ಆದರೆ ವ್ಯಾಪಾರ ಅವರದು, ಬೆಲೆಯೂ ಕಾಯಿದೆಯೊಳಗೇ ಇತ್ತು, ಗಿರಾಕಿಗೂ ಲಾಭವೇ. ಕೇಳಿದ್ದಕ್ಕಿಂತ ಹೆಚ್ಚು ಇಳಿದ ಬಿಲ್ಲು ನೋಡಿ ಅವರು ಇದೇನು ಅಂತ ಕೇಳಿದಾಗ ನಿಧಾನವಾಗಿ ಬಿಡಿಸಿ ಹೇಳಿದೆ. ಮೂರು ಬ್ಲೇಜರ್ ತೆಗೆದುಕೊಂಡರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದರ ನಿಲ್ಲುವುದು ನಿಜವಾಗಿ ಮಾರಿದ ಬೆಲೆಯ ಮೇಲೆ, ಟ್ಯಾಗಿನ ಮೇಲಲ್ಲ. 3,540ರ ಟ್ಯಾಗ್ ಇದೆ ಎಂದು 2,500ಕ್ಕೆ ಮಾರಿದ ಬ್ಲೇಜರ್‌ಗೂ 18 ಪರ್ಸೆಂಟ್ ಹಾಕಿ ಗಿರಾಕಿಯಿಂದ ತೆಗೆದುಕೊಂಡರೆ ಅದು ತಪ್ಪು ದರ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಐಟಂಗೆ ಒಮ್ಮೆ 18 ಅಂತ ಕೂರಿಸಿಟ್ಟು ಮರೆತವರಲ್ಲಿ ಇದು ರಿಯಾಯಿತಿ ಮಾರಾಟದ ದಿನಗಳಲ್ಲಿ ಪ್ರತಿ ಬಿಲ್ಲಿನಲ್ಲೂ ನಡೆಯುತ್ತಿರುತ್ತದೆ. ಪತ್ತೆ ಮಾಡುವುದು ಹೀಗೆ: 18ರ ಮಾರಾಟದ ಪಟ್ಟಿ ತೆಗೆದು ಮೂಲ ಬೆಲೆಯ ಸಾಲನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. ಒಂದು ಉಡುಪಿನ ಮೂಲ ಬೆಲೆ 2,500 ಅಥವಾ ಅದಕ್ಕಿಂತ ಕಡಿಮೆ ಇರುವ ಒಂದು ಸಾಲೂ ಅಲ್ಲಿ ಇರಬಾರದು. ಐದರ ಪಟ್ಟಿಯಲ್ಲಿ 2,500 ದಾಟಿದ ಸಿದ್ಧ ಉಡುಪು ಇರಬಾರದು, ಸೀರೆ ಇರಬಹುದು. ಒಂದೇ ಸಾಲಿನಲ್ಲಿ ಎರಡು ಮೂರು ಉಡುಪು ಹೋಗಿದ್ದರೆ ಒಂದರ ಬೆಲೆ ನೋಡಬೇಕು, ಸಾಲಿನ ಒಟ್ಟು ನೋಡಬಾರದು.

ಟ್ಯಾಗ್ ಛಾಪಿಸುವ ಮುನ್ನ, ಮತ್ತು ರಿಯಾಯಿತಿಯ ಬೆಲೆ ಹೇಳುವ ಮುನ್ನ, ಉಡುಪುಗಳ ಬೆಲೆಯನ್ನು ಈಗ ಈ ಒಂದು ಸಾಲಿನಲ್ಲಿ ಹಾಯಿಸುತ್ತೇನೆ. B2ನಲ್ಲಿ ಗಿರಾಕಿ ಒಂದು ಉಡುಪಿಗೆ ನಿಜವಾಗಿ ಕೊಡುವ ಬೆಲೆ ಇರಬೇಕು. X ಬಂದರೆ ಆ ಬೆಲೆ ಇಡುವಂತಿಲ್ಲ.

```
C2:  =IF(B2<=2625,5,IF(B2>2950,18,"X"))
```

2,950 ರೂಪಾಯಿಯಷ್ಟೇ ಇದ್ದರೂ X ಬರುವಂತೆ ಬರೆದಿದ್ದೇನೆ. ಹದಿನೆಂಟರಲ್ಲಿ ಅದರ ಮೂಲ ಬೆಲೆ ಸರಿಯಾಗಿ 2,500, ಮತ್ತು ಕಾಯಿದೆ 2,500ನ್ನು ಐದರಲ್ಲೇ ಇಟ್ಟಿದೆ. ಚಪ್ಪಲಿ, ಬೂಟಿನ ಅಂಗಡಿಯವರಿಗೂ ಈಗ ಜೋಡಿಗೆ 2,500ರ ಇದೇ ಗಡಿ, ಇವೇ ಎರಡು ದರ ಇರುವುದರಿಂದ ಈ ಸಾಲು ಅವರಿಗೂ ನಡೆಯುತ್ತದೆ.

ಈ ಬಿಡಿಸುವ ಕೆಲಸವೇ ಬೇಡದ ಅಂಗಡಿಗಳೂ ಇವೆ. ಹರಿಹರದಲ್ಲಿರುವ ನನ್ನ ತಮ್ಮ ಸಣ್ಣ ವ್ಯಾಪಾರಿಗಳಿಗೆಂದು ಇರುವ ಕಾಂಪೊಸಿಷನ್ ಸ್ಕೀಮಿನಲ್ಲಿದ್ದಾನೆ. ಅವನು ಗಿರಾಕಿಯಿಂದ ತೆರಿಗೆ ಅಂತ ಬೇರೆ ವಸೂಲಿ ಮಾಡುವಂತಿಲ್ಲ, ಬಿಲ್ಲಿನಲ್ಲಿ ತೋರಿಸುವಂತಿಲ್ಲ. ಒಟ್ಟು ವಹಿವಾಟಿನ ಮೇಲೆ 1 ಪರ್ಸೆಂಟ್ ತನ್ನ ಕೈಯಿಂದ ಕಟ್ಟುತ್ತಾನೆ. ಅವನ 1,050ರ ಚೂಡಿದಾರದೊಳಗೆ 50 ರೂಪಾಯಿ ತೆರಿಗೆ ಇಲ್ಲ. ಒಮ್ಮೆ ಅವನು ನನ್ನ ಎಕ್ಸೆಲ್ ಹಾಳೆ ಕೇಳಿ ತೆಗೆದುಕೊಂಡು ಹೋಗಿದ್ದ, ಫೋನ್ ಮಾಡಿ ಅಳಿಸಿಬಿಡು ಅಂದೆ.

ಕೊನೆಯದಾಗಿ ವಾಪಸು ಬರುವ ಮಾಲು. ಅಕ್ಟೋಬರ್‌ನಲ್ಲಿ ಒಬ್ಬರು ಸೆಪ್ಟೆಂಬರ್ 10ರ ಬಿಲ್ಲು ಹಿಡಿದು 1,499ರ ಅಂಗಿ ವಾಪಸು ತಂದರು, ಅಳತೆ ಸರಿಯಿರಲಿಲ್ಲ. ಅದೇ ಅಂಗಿ ಆಗ ನಮ್ಮಲ್ಲಿ 1,399, ದರ ಐದು. ಹುಡುಗ ಹೊಸ ದರದಲ್ಲಿ ಬಿಡಿಸಿ ಕ್ರೆಡಿಟ್ ನೋಟ್ ಬರೆಯಲು ಹೊರಟಿದ್ದ. ಮಾರಿದ ದಿನದ ಬಿಲ್ಲಿನಲ್ಲಿ ಯಾವ ತೆರಿಗೆ ಹೋಗಿದೆಯೋ ಅದೇ ತೆರಿಗೆ ಹಿಂದಕ್ಕೆ ಬರಬೇಕು. ಹಾಗಾಗಿ ಕ್ರೆಡಿಟ್ ನೋಟ್ 1,499ಕ್ಕೇ ಹೋಯಿತು: ಮೂಲ ಬೆಲೆ 1,338.40, ಸಿಜಿಎಸ್‌ಟಿ 80.30, ಎಸ್‌ಜಿಎಸ್‌ಟಿ 80.30. ಮೂಲ ಬೆಲೆಯಲ್ಲಿ ಒಂದು ಪೈಸೆ ಹೆಚ್ಚಾದದ್ದು ಅರ್ಧ ತೆರಿಗೆಯನ್ನು ಮೊದಲು ದುಂಡು ಮಾಡಿದ್ದರಿಂದ, ಹಳೆಯ ಬಿಲ್ಲಿನಲ್ಲೂ ಹಾಗೇ ಇತ್ತು. ಬದಲಿಗೆ ಅವರು ಒಂದು ಅಳತೆ ದೊಡ್ಡ ಅಂಗಿ ತೆಗೆದುಕೊಂಡರು, ಅದಕ್ಕೆ 1,399ರ ಹೊಸ ಬಿಲ್ಲು ಬರೆದು, ಮಿಕ್ಕ ನೂರು ರೂಪಾಯಿಯನ್ನು ಗಲ್ಲಾದಿಂದ ಎಣಿಸಿ ಅವರ ಕೈಗೆ ಕೊಟ್ಟೆ.